ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ



ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಮಂಡ್ಯದ ಗ್ರಾಮಗಳಲ್ಲಿ ಸುಗ್ಗಿ ಮುಗಿದಾಗ ಹಿತ್ತಲು ತುಂಬ ಭತ್ತದ ಹುಲ್ಲಿನ ಮೆದೆ ನಿಲ್ಲುತ್ತದೆ. ಆದರೂ ಹಸು ಸಾಕುವವರು ರಾಗಿ ಹುಲ್ಲನ್ನೇ ಬಯಸುತ್ತಾರೆ. ಅವರ ಈ ಆಯ್ಕೆ ಸರಿಯಾದದ್ದೇ. ಭತ್ತದ ಹುಲ್ಲಿನಲ್ಲಿ ಕಚ್ಚಾ ಸಸಾರಜನಕ ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ. ಅದರಲ್ಲಿರುವ ನಾರು ಹಸುವಿಗೆ ಆಹಾರವಾಗಬಲ್ಲದು. ಆದರೆ ಆ ನಾರನ್ನು ಲಿಗ್ನಿನ್ ಎಂಬ ಗಡುಸು ವಸ್ತುವೂ ಸಿಲಿಕಾ ಎಂಬ ಮರಳಿನ ಅಂಶವೂ ಬಿಗಿದಿಟ್ಟಿರುತ್ತವೆ. ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಅದರೊಳಕ್ಕೆ ಸುಲಭವಾಗಿ ಹೊಗಲಾರವು. ಆದುದರಿಂದ ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಗಣಿಯಾಗಿ ಹೊರಬೀಳುತ್ತದೆ.

ಈ ಬಿಗಿತವನ್ನು ಸಡಿಲಿಸುವುದೇ ಯೂರಿಯಾ ಉಪಚಾರದ ಉದ್ದೇಶ. ಇಲ್ಲಿ ಕೆಲಸ ಮಾಡುವುದು ಯೂರಿಯಾ ಅಲ್ಲ, ಅದರಿಂದ ಹುಟ್ಟುವ ಅಮೋನಿಯಾ ಅನಿಲ. ಒದ್ದೆ ಹುಲ್ಲಿನಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವವು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅದು ಲಿಗ್ನಿನ್‌ಗೂ ನಾರಿಗೂ ಇರುವ ಕೊಂಡಿಗಳನ್ನು ಬಿಡಿಸುತ್ತದೆ. ಇದಕ್ಕೆ ನೀರು ಬೇಕು, ಗಾಳಿಯಾಡದ ಮುಚ್ಚಿಗೆ ಬೇಕು, ಕಾಲವೂ ಬೇಕು. ಗೋದಲೆಯಲ್ಲಿ ಹುಲ್ಲಿನ ಮೇಲೆ ಯೂರಿಯಾ ಚೆಲ್ಲಿ ಆಗಲೇ ತಿನ್ನಿಸುವುದನ್ನೂ ಕೆಲವರು ಉಪಚಾರವೆಂದೇ ತಿಳಿಯುತ್ತಾರೆ. ಅದು ಉಪಚಾರವಲ್ಲ, ಹಸುವಿನ ಪ್ರಾಣಕ್ಕೆ ಎರವಾಗಬಹುದಾದ ಕೆಲಸ.

ಎರಡು ಹಸುಗಳುಳ್ಳ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೆ ಹಸುವೊಂದಕ್ಕೆ 6 ಕಿಲೋ ಒಣಹುಲ್ಲಿನಂತೆ 21 ದಿನಗಳಿಗೆ ಸುಮಾರು 250 ಕಿಲೋ ಬೇಕು. ಹಾಳಾಗುವುದನ್ನೂ ಸೇರಿಸಿ 300 ಕಿಲೋ ಎಂದಿಟ್ಟುಕೊಂಡರೆ 12 ಕಿಲೋ ಯೂರಿಯಾ, 150 ಲೀಟರು ನೀರು ಸಾಕು. ಕೊಟ್ಟಿಗೆಯ ಮೂಲೆಯಲ್ಲಿ, ಎರಡು ಗೋಡೆಗಳ ಆಸರೆಯಲ್ಲಿ, ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಹುಲ್ಲನ್ನು 50 ಕಿಲೋಗಳ ಆರು ಪದರಗಳಾಗಿ ಹರಡಬೇಕು. ಪ್ರತಿ ಪದರಕ್ಕೂ 2 ಕಿಲೋ ಯೂರಿಯಾವನ್ನು 25 ಲೀಟರು ನೀರಿನಲ್ಲಿ ಪೂರ್ತಿ ಕರಗಿಸಿ, ಗಿಡಗಳಿಗೆ ನೀರು ಹನಿಸುವ ಡಬ್ಬದಿಂದ ಸಮನಾಗಿ ಚಿಮುಕಿಸಿ, ಕಾಲಿನಿಂದ ತುಳಿದು ಅದುಮಬೇಕು. ಈಗ ಕಟಾವು ಯಂತ್ರದ ಹಿಂದೆಯೇ ಹುಲ್ಲನ್ನು ಉಂಡೆ ಕಟ್ಟುವುದು ಹೆಚ್ಚಾಗಿದೆ. ಅಂಥ ಉಂಡೆಯನ್ನು ಬಿಚ್ಚಿ ಹರಡದಿದ್ದರೆ ದ್ರಾವಣ ಒಳಗೆ ಇಳಿಯದು. ಕೊನೆಗೆ ಮೇಲೂ ಬದಿಗಳಲ್ಲೂ ಹಾಳೆ ಹೊದಿಸಿ, ಅಂಚುಗಳಿಗೆ ಮಣ್ಣು ಮೆತ್ತಿ, ಮೂರು ವಾರ ಬಿಡಬೇಕು. ಚಳಿಗಾಲದಲ್ಲಿ ನಾಲ್ಕು ವಾರ. ಒಂದನ್ನು ತಿನ್ನಿಸುವಾಗ ಇನ್ನೊಂದು ಸಿದ್ಧವಾಗುತ್ತಿರಲು ಇಂಥ ಎರಡು ರಾಶಿಗಳು ಬೇಕಾಗುತ್ತವೆ. ಉಳಿದ ದ್ರಾವಣವನ್ನಾಗಲಿ ಯೂರಿಯಾ ಚೀಲವನ್ನಾಗಲಿ ದನಗಳ ಬಾಯಿಗೆ ಎಟುಕುವಂತೆ ಇಡಕೂಡದು.

ಹಾಳೆ ತೆರೆದಾಗ ಕಣ್ಣು ಚುರುಗುಟ್ಟುವಂಥ ಅಮೋನಿಯಾ ವಾಸನೆ ಬಂದು, ಹುಲ್ಲು ಹೊಂಗಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಕೆಲಸ ಸರಿಯಾಗಿದೆಯೆಂದು ತಿಳಿಯಬಹುದು. ಬಣ್ಣ ಮೊದಲಿನಂತೆಯೇ ಇದ್ದು ವಾಸನೆಯೂ ಇಲ್ಲದಿದ್ದರೆ ಹಾಳೆ ಹರಿದು ಅನಿಲ ಸೋರಿಹೋಗಿದೆ, ಇಲ್ಲವೆ ನೀರು ಸಾಲದಾಗಿದೆ ಎಂದರ್ಥ. ಬಿಳಿ ಅಥವಾ ಕಪ್ಪು ಬೂಷ್ಟು ಹಿಡಿದ ಭಾಗವನ್ನು ತಿಪ್ಪೆಗೆ ಹಾಕಬೇಕು. ಅದನ್ನು ಒಣಗಿಸಿ ತಿನ್ನಿಸುವುದೂ ತಪ್ಪು.

ಹೀಗೆ ಉಪಚರಿಸಿದ ಹುಲ್ಲಿನಲ್ಲಿ ಕಚ್ಚಾ ಸಸಾರಜನಕ ನೂರಕ್ಕೆ ಏಳೆಂಟು ಭಾಗಕ್ಕೆ ಏರುತ್ತದೆ. ಜೀರ್ಣವಾಗುವ ಭಾಗವೂ ಹೆಚ್ಚುತ್ತದೆ, ಹಸು ತಿನ್ನುವ ಪ್ರಮಾಣವೂ ಹೆಚ್ಚುತ್ತದೆ. ಹಾಕಿದ ಸಾರಜನಕದ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಗೆ ಹೋಗುತ್ತದೆಂಬುದನ್ನೂ ಮರೆಮಾಚಬೇಕಿಲ್ಲ.

ಹಾಗಿದ್ದರೂ ಈ ವಿಧಾನ ಊರೂರಿಗೆ ಹಬ್ಬಲಿಲ್ಲವೇಕೆ? 1980ರ ದಶಕದಿಂದ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ನೆದರ್ಲೆಂಡ್ಸ್ ದೇಶದ ಸಹಕಾರದೊಡನೆ ಬೆಳೆಯ ಶೇಷಗಳನ್ನು ಕುರಿತ ಯೋಜನೆಯೊಂದನ್ನು ನಡೆಸಿತು. ಉಪಚಾರದಿಂದ ಹುಲ್ಲಿನ ಗುಣ ಹೆಚ್ಚುವುದರಲ್ಲಿ ಅಲ್ಲಿ ಸಂದೇಹ ಉಳಿಯಲಿಲ್ಲ. ಅದು ಯಾರಿಗೆ ಗಿಟ್ಟುತ್ತದೆ ಎಂಬುದೇ ಪ್ರಶ್ನೆಯಾಯಿತು. ಒಣಹುಲ್ಲು ಯಥೇಚ್ಛವಾಗಿ, ಅಗ್ಗವಾಗಿ ಸಿಕ್ಕಿ, ಹಸಿರು ಮೇವಿಗೆ ಕೊರತೆಯಿದ್ದು, ನೀರೂ ಆಳೂ ಕೈಗೆಟುಕಿ, ಹಾಲಿಗೆ ಒಳ್ಳೆಯ ಬೆಲೆಯಿರುವಲ್ಲಿ ಅದು ಗಿಟ್ಟುತ್ತದೆ. ಹಸಿರು ಮೇವು ಸಾಕಷ್ಟಿರುವವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ರಾಗಿ ಹುಲ್ಲು ಮೊದಲೇ ಮೇಲಾದದ್ದು. ಅದಕ್ಕೆ ಈ ಶ್ರಮ ಪಡುವ ಮುನ್ನ ಲೆಕ್ಕ ಹಾಕುವುದು ಒಳಿತು. ದಿನಕ್ಕೆ ಹತ್ತು ಹದಿನೈದು ಲೀಟರು ಕರೆಯುವ ಮಿಶ್ರತಳಿಯ ಹಸುವಿಗಂತೂ ಈ ಹುಲ್ಲು ಹಿಂಡಿ-ಬೂಸಾಗಳ ಸ್ಥಾನವನ್ನು ತುಂಬಲಾರದು. ನಾಲ್ಕೈದು ಲೀಟರು ಕರೆಯುವ, ಹುಲ್ಲನ್ನೇ ನಂಬಿದ ಹಸುವಿನ ವಿಷಯದಲ್ಲಿ ಹಿಂಡಿಯನ್ನು ಸ್ವಲ್ಪ ತಗ್ಗಿಸಲು ಅವಕಾಶವಿದೆ.

ತಿನ್ನಿಸುವಾಗ ಆಯಾ ದಿನಕ್ಕೆ ಬೇಕಾದಷ್ಟನ್ನೇ ತೆಗೆದು ರಾಶಿಯನ್ನು ಮತ್ತೆ ಮುಚ್ಚಬೇಕು. ತೆಗೆದದ್ದನ್ನು ಒಂದು ಗಂಟೆ ಬಯಲಿನಲ್ಲಿ ಹರಡಿ, ಘಾಟು ಇಳಿದ ಮೇಲೆ ಕೊಡಬೇಕು. ಮೊದಲ ವಾರ ಸಾದಾ ಹುಲ್ಲಿನೊಡನೆ ಬೆರೆಸಿ ರೂಢಿಮಾಡಿಸುವುದು ಅವಶ್ಯ. ಒಣಹುಲ್ಲಿನಲ್ಲಿ ಎ ಜೀವಸತ್ವದ ಮೂಲವಸ್ತು ಇಲ್ಲವೆಂಬಷ್ಟು ಕಡಿಮೆ. ಆದಕಾರಣ ಒಂದೆರಡು ಹಿಡಿ ಹಸಿರು ಸೊಪ್ಪನ್ನೂ ಖನಿಜ ಮಿಶ್ರಣವನ್ನೂ ತಪ್ಪಿಸಬಾರದು. ಆರು ತಿಂಗಳು ತುಂಬದ ಕರುಗಳ ಮೆಲುಕು ಹೊಟ್ಟೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅವುಗಳಿಗೆ ಈ ಹುಲ್ಲನ್ನು ಕೊಡಕೂಡದು. ದನವೇನಾದರೂ ಯೂರಿಯಾ ದ್ರಾವಣ ಕುಡಿದು, ಜೊಲ್ಲು ಸುರಿಸಿ, ನಡುಗಿ, ಹೊಟ್ಟೆ ಉಬ್ಬರಿಸಿದರೆ ಕ್ಷಣವೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.