ಕಿವುಡು ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್: ಶಸ್ತ್ರಚಿಕಿತ್ಸೆಗೆ ಮೊದಲು, ಆಮೇಲೆ

(ಹುಲ್ಲಹಳ್ಳಿಯ ಕಿವಿ ತಪಾಸಣಾ ಶಿಬಿರದಲ್ಲಿ ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



‘ಮಗುವಿಗೆ ಕಿವಿ ಕೇಳಿಸುವುದಿಲ್ಲ, ಆಪರೇಷನ್ ಮಾಡಿಸಿದರೆ ಮಾತು ಬರುತ್ತದಂತೆ, ಹೌದೇ?’ ಎಂದು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಈ ಮಾತು ಅರ್ಧ ಮಾತ್ರ ನಿಜ. ಆಪರೇಷನ್ನಿನಿಂದ ಸದ್ದು ಬರುತ್ತದೆ. ಆ ಸದ್ದು ಮಾತಾಗುವುದು ನಿಮ್ಮ ಮನೆಯಲ್ಲಿ. ಅದಕ್ಕೂ ವಯಸ್ಸಿನ ಮಿತಿಯುಂದು. ಆದ್ದರಿಂದ ಒಂದು ಮಗುವಿನ ಉದಾಹರಣೆ ಇಟ್ಟುಕೊಂಡು ಮೊದಲಿನಿಂದ ಹೇಳುತ್ತೇನೆ. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಇಂಥ ಮಕ್ಕಳೆಲ್ಲ ಸಾಮಾನ್ಯವಾಗಿ ನಡೆಯುವ ದಾರಿ.

ಅನುಮಾನ ಬಂದಾಗ

ಹತ್ತು ತಿಂಗಳ ಹೆಣ್ಣು ಮಗು. ತಂದೆ ತಾಯಿ ಸೋದರ ಸಂಬಂಧದಲ್ಲಿ ಮದುವೆಯಾದವರು. ಅಂಥ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಮಗು ನಗುತ್ತದೆ, ಮುಖ ನೋಡುತ್ತದೆ, ಆದರೆ ಹಿಂದಿನಿಂದ ತಟ್ಟೆ ಬಿದ್ದರೂ ತಿರುಗುವುದಿಲ್ಲ. ಅಜ್ಜಿ, ‘ನಿಮ್ಮ ಮಾವನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ಮನಿರು’ ಎನ್ನುತ್ತಾರೆ. ಈ ಮಾತಿಗೆ ಕಾಯಬೇಡಿ. ಮಾತು ತಡವಾಗುವುದು ಬೇರೆ, ಸದ್ದಿಗೆ ತಿರುಗದಿರುವುದು ಬೇರೆ.

ಮಗು ಮಲಗಿರುವಾಗಲೇ ಮಾಡುವ ಪರೀಕ್ಷೆಗಳಿವೆ. ಬೆರಾ ಪರೀಕ್ಷೆಯಲ್ಲಿ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಅದು ನರದ ಮೂಲಕ ಮಿದುಳಿನ ಕಡೆ ಹೋಗುತ್ತಿದೆಯೇ ಎಂದು ನೋಡುತ್ತಾರೆ. ನೋವಿಲ್ಲ. ನಮ್ಮ ಮಗುವಿಗೆ ಎರಡೂ ಕಿವಿಗಳಲ್ಲಿ ಅತಿ ಜೋರಾದ ಸದ್ದಿಗೂ ಉತ್ತರ ಬರಲಿಲ್ಲ.

ಮೊದಲು ಕಿವಿ ಮೆಷಿನ್ ಏಕೆ?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರೊಳಗಿನ ಸಾವಿರಾರು ಸೂಕ್ಷ್ಮ ರೋಮಕೋಶಗಳು ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ನರಕ್ಕೆ ಕೊಡುತ್ತವೆ. ಶ್ರವಣ ಸಾಧನ, ಅಂದರೆ ಕಿವಿ ಮೆಷಿನ್, ಸದ್ದನ್ನು ದೊಡ್ಡದು ಮಾಡುತ್ತದೆ ಅಷ್ಟೆ. ಉಳಿದ ಕೆಲಸ ಆ ಕೋಶಗಳದ್ದೇ.

ನಿಮಗೆ ನಾಲೆಯ ಲೆಕ್ಕ ಗೊತ್ತು. ನಾಲೆ ಸ್ವಲ್ಪ ಹೂಳು ತುಂಬಿದ್ದರೆ ನೀರು ಹೆಚ್ಚು ಬಿಟ್ಟರೆ ಗದ್ದೆಗೆ ತಲುಪುತ್ತದೆ. ನಾಲೆಯೇ ಒಡೆದುಹೋಗಿದ್ದರೆ ಎಷ್ಟು ನೀರು ಬಿಟ್ಟರೂ ಗದ್ದೆ ಒಣಗೇ ಇರುತ್ತದೆ. ಆಗ ಪೈಪು ಹಾಕಿ ನೇರವಾಗಿ ಗದ್ದೆಗೇ ನೀರು ಕೊಡಬೇಕು. ಕಾಕ್ಲಿಯರ್ ಇಂಪ್ಲಾಂಟ್ ಆ ಪೈಪು. ಕಿವಿಯ ಮೇಲಿನ ಪ್ರೊಸೆಸರ್ ಸದ್ದನ್ನು ಹಿಡಿಯುತ್ತದೆ. ತಲೆಗೆ ಅಯಸ್ಕಾಂತದಿಂದ ಕಚ್ಚಿಕೊಳ್ಳುವ ಬಿಲ್ಲೆ ಅದನ್ನು ಚರ್ಮದೊಳಗಿನ ಸಾಧನಕ್ಕೆ ದಾಟಿಸುತ್ತದೆ. ಅಲ್ಲಿಂದ ಕಾಕ್ಲಿಯಾದೊಳಗೆ ಸೇರಿಸಿದ ತೆಳು ತಂತಿ ನೇರವಾಗಿ ನರವನ್ನು ಪ್ರಚೋದಿಸುತ್ತದೆ.

ತಂತಿ ಸೇರಿಸುವಾಗ ಆ ಕಿವಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಶ್ರವಣವೂ ಹೋಗಬಹುದು. ಅದಕ್ಕೇ ಮೊದಲು ಕೆಲವು ತಿಂಗಳು ಒಳ್ಳೆಯ ಕಿವಿ ಮೆಷಿನ್ ಹಾಕಿ ನೋಡುತ್ತಾರೆ. ನಮ್ಮ ಮಗುವಿಗೆ ಮೆಷಿನ್ ಹಾಕಿದ ಮೇಲೆ ತಮಟೆ ಕೇಳಿಸಿತು, ಅಮ್ಮನ ಮಾತು ಕೇಳಿಸಲಿಲ್ಲ. ಆಗ ಇಂಪ್ಲಾಂಟ್ ಮಾತು ಬಂತು.

ಯಾರಿಗೆ ಆಗುತ್ತದೆ, ಯಾರಿಗೆ ಇಲ್ಲ

ಎರಡೂ ಕಿವಿಗಳಲ್ಲಿ ತೀವ್ರ ಕಿವುಡಿದ್ದು, ಮೆಷಿನ್ನಿನಿಂದ ಮಾತು ಕೇಳಿಸದ ಮಕ್ಕಳಿಗೆ ಇದು ಯೋಗ್ಯ. ಸಿ.ಟಿ. ಮತ್ತು ಎಂ.ಆರ್.ಐ. ಸ್ಕ್ಯಾನಿನಲ್ಲಿ ಕಾಕ್ಲಿಯಾ ಮತ್ತು ಶ್ರವಣ ನರ ಇವೆಯೇ ಎಂದು ನೋಡಲೇಬೇಕು. ನರವೇ ಬೆಳೆದಿಲ್ಲದಿದ್ದರೆ ಪೈಪು ಹಾಕಲು ಗದ್ದೆಯೇ ಇಲ್ಲದಂತೆ. ಕಿವಿ ಸೋರುವುದರಿಂದ ಮಾತ್ರ ಕೇಳಿಸದಿದ್ದರೆ ಅದರ ಚಿಕಿತ್ಸೆ ಬೇರೆ.

ಇನ್ನು ವಯಸ್ಸು. ಮಿದುಳು ಮಾತನ್ನು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಒಂದರಿಂದ ಎರಡು ವರ್ಷದೊಳಗೆ ಆದರೆ ಫಲ ಹೆಚ್ಚು. ಐದು ವರ್ಷ ದಾಟಿದ ಹುಟ್ಟುಕಿವುಡರಲ್ಲಿ ಬಹಳ ಕಡಿಮೆ. ಮಾತು ಬಲ್ಲವರಾಗಿದ್ದು ದೊಡ್ಡವರಾದ ಮೇಲೆ ಕಿವಿ ಹೋದವರಿಗೆ ಈ ಮಿತಿಯಿಲ್ಲ, ಅವರಿಗೆ ಒಳ್ಳೆಯ ಪ್ರಯೋಜನವಿದೆ. ಹುಟ್ಟಿನಿಂದ ಕೇಳದೆ ಇಪ್ಪತ್ತು ವರ್ಷವಾದವರಿಗೆ ಸನ್ನೆ ಭಾಷೆ ಮತ್ತು ಓದು ಬರಹವೇ ಹೆಚ್ಚು ಕೈಹಿಡಿಯುತ್ತವೆ.

ಸಾಧನದ ಬೆಲೆ ಲಕ್ಷಗಳಲ್ಲಿದೆ. ಕೇಂದ್ರದ ಅಡಿಪ್ ಯೋಜನೆ ಮತ್ತು ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಲ್ಲಿ ಚಿಕ್ಕ ಮಕ್ಕಳಿಗೆ ಇದು ಉಚಿತವಾಗಿ ಸಿಗುತ್ತದೆ. ಅಲ್ಲಿಯೂ ವಯಸ್ಸಿನ ಮಿತಿ ಇರುವುದರಿಂದ ಅರ್ಜಿಗೆ ತಡ ಮಾಡಬೇಡಿ.

ಆಪರೇಷನ್ ಮತ್ತು ಮೊದಲ ಸದ್ದು

ಮಿದುಳು ಪೊರೆಯ ಸೋಂಕು ತಡೆಯಲು ಮೊದಲು ಲಸಿಕೆ ಕೊಡುತ್ತಾರೆ. ಕಿವಿಯ ಹಿಂದೆ ಕೊಯ್ದು ಮಾಡುವ ಆಪರೇಷನ್ನಿಗೆ ಎರಡು ಮೂರು ಗಂಟೆ ಬೇಕು. ನಮ್ಮ ಮಗುವಿಗೆ ಒಂದೂವರೆ ವರ್ಷಕ್ಕೆ ಆಯಿತು. ಮನೆಗೆ ಬಂದ ಮೇಲೂ ಅದಕ್ಕೆ ಏನೂ ಕೇಳಿಸಲಿಲ್ಲ. ಗಾಬರಿ ಬೇಡ, ಗಾಯ ಮಾಗಿದ ಮೇಲೆ, ಮೂರು ವಾರಕ್ಕೆ ಪ್ರೊಸೆಸರ್ ಹಾಕಿ ಚಾಲೂ ಮಾಡಿದರು. ಮಗು ಬೆಚ್ಚಿ ಅತ್ತಿತು. ಅಳು ಎಂದರೆ ಸದ್ದು ತಲುಪಿತು ಎಂದು ತಿಳಿಯಿರಿ.

ಆಮೇಲೆ ಮ್ಯಾಪಿಂಗ್. ಎಷ್ಟು ಮೆಲ್ಲನೆಯ ಸದ್ದು ತಿಳಿಯುತ್ತದೆ, ಎಷ್ಟು ಜೋರಾದರೆ ಹಿಂಸೆಯಾಗುತ್ತದೆ ಎಂದು ನೋಡಿ, ಕಂಪ್ಯೂಟರಿನಲ್ಲಿ ಸರಿಹೊಂದಿಸುವ ಕೆಲಸ ಇದು. ಮೊದಮೊದಲು ಮೇಲಿಂದ ಮೇಲೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ ಹೋಗಬೇಕು.

ಮನೆಯಲ್ಲಿ ಮಾಡುವ ಕೆಲಸ

ಆ ದಿನ ಮಗುವಿನ ಕಿವಿಯ ವಯಸ್ಸು ಸೊನ್ನೆ. ಒಂದು ವರ್ಷವಾದಾಗ ಅದು ಎರಡೂವರೆ ವರ್ಷದ ಮಗುವಲ್ಲ, ಕೇಳುವುದರಲ್ಲಿ ಒಂದು ವರ್ಷದ ಮಗು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಬೇಡಿ.

ನಿದ್ದೆ, ಸ್ನಾನ ಬಿಟ್ಟು ಉಳಿದ ಹೊತ್ತೆಲ್ಲ ಪ್ರೊಸೆಸರ್ ಹಾಕಿರಲಿ. ಗೂಡಿನಲ್ಲಿಟ್ಟರೆ ಮಗು ಮತ್ತೆ ಕಿವುಡು. ಕುಕ್ಕರ್ ಸೀಟಿ ಹಾಕಿದಾಗ ಮೊದಲು ಕಿವಿ ತೋರಿಸಿ, ‘ಕೇಳಿಸ್ತಾ? ಕುಕ್ಕರ್ ಕೂಗಿತು’ ಎನ್ನಿ, ಆಮೇಲೆ ಕುಕ್ಕರ್ ತೋರಿಸಿ. ಮೊದಲು ಕಿವಿಗೆ, ಆಮೇಲೆ ಕಣ್ಣಿಗೆ. ಹತ್ತಿರ ಕುಳಿತು ಮಾತಾಡಿ, ಟಿ.ವಿ. ಆರಿಸಿ.

ಪ್ರತಿ ಬೆಳಿಗ್ಗೆ ಮಗುವಿನ ಬೆನ್ನ ಹಿಂದೆ ನಿಂತು ಆರು ಸದ್ದು ಮಾಡಿ: ಆ, ಈ, ಊ, ಮ್, ಶ್, ಸ್. ಕೇಳಿಸಿದಾಗಲೆಲ್ಲ ಮಗು ಒಂದು ಮಣಿ ಡಬ್ಬಿಗೆ ಹಾಕಲಿ. ನಮ್ಮ ಮಗು ಆರಕ್ಕೂ ಮಣಿ ಹಾಕುತ್ತಿತ್ತು. ಒಂದು ದಿನ ಶ್, ಸ್ ಎರಡಕ್ಕೂ ಹಾಕಲಿಲ್ಲ. ತಾಯಿ ಬ್ಯಾಟರಿ ಬದಲಿಸಿದರು, ಆಗಲಿಲ್ಲ. ತಂತಿ ಬದಲಿಸಿದರು, ಆಗಲಿಲ್ಲ. ಮಾರನೆಯ ದಿನವೇ ಕರೆದುಕೊಂಡು ಹೋದರು, ಮ್ಯಾಪಿಂಗ್ ತಿದ್ದಬೇಕಾಗಿತ್ತು. ಅವರು ನೋಡದಿದ್ದರೆ ಮಗು ತಿಂಗಳುಗಟ್ಟಲೆ ಅರ್ಧ ಮಾತು ಮಾತ್ರ ಕೇಳುತ್ತಿತ್ತು.

ಕಿವಿಯ ಹಿಂದೆ ಊತ, ಬಿಲ್ಲೆಯ ಕೆಳಗೆ ಚರ್ಮ ಕೆಂಪಾಗುವುದು, ಜ್ವರ, ತಲೆಗೆ ಪೆಟ್ಟು ಇವುಗಳಲ್ಲಿ ಯಾವುದಾದರೂ ಆದರೆ ಅಂದೇ ವೈದ್ಯರಿಗೆ ತೋರಿಸಿ. ಎಂ.ಆರ್.ಐ. ಮಾಡಿಸುವ ಮೊದಲು ಇಂಪ್ಲಾಂಟ್ ಇದೆ ಎಂದು ಹೇಳಲೇಬೇಕು. ಸಾಧನ ಉಚಿತವಾಗಿ ಬಂದರೂ ವಾರಂಟಿ ಮುಗಿದ ಮೇಲೆ ತಂತಿ, ಬಿಲ್ಲೆ, ಬ್ಯಾಟರಿಗೆ ಖರ್ಚು ಬರುತ್ತದೆ. ಯಾವುದಕ್ಕೆ ಎಷ್ಟು ಕಾಲ ವಾರಂಟಿ ಎಂದು ಮೊದಲೇ ಬರೆಸಿಕೊಂಡು, ತಿಂಗಳಿಗೆ ಸ್ವಲ್ಪ ಎತ್ತಿಡಿ.

ಎಲ್ಲಿ ಹೋಗಬೇಕು?

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿನ ಶಿಶುವಿಹಾರದಲ್ಲಿ ತಾಯಿಯೂ ಮಗುವಿನ ಜೊತೆ ಕುಳಿತು ಕಲಿಸುವುದನ್ನು ಕಲಿಯುತ್ತಾಳೆ. ಹಳ್ಳಿಯವರಿಗಾಗಿ ಈ ಸಂಸ್ಥೆ ನಮ್ಮ ಹುಲ್ಲಹಳ್ಳಿಯಲ್ಲೂ ಸೇವಾ ಕೇಂದ್ರ ತೆರೆದಿದೆ. ಮೊದಲು ಅಲ್ಲಿ ವಿಚಾರಿಸಿ.

ವಾರ ವಾರ ಬಸ್ಸು ಹತ್ತಿದರೆ ಕೂಲಿ ತಪ್ಪುತ್ತದೆ, ನಿಜ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಮನೆಯವರೆಲ್ಲ ಕುಳಿತು, ತಾಯಿ ಮಗುವಿನ ಜೊತೆ ಹೋದ ದಿನ ಹಸು, ಅಡುಗೆ, ಇನ್ನೊಂದು ಮಗು ಯಾರು ನೋಡಿಕೊಳ್ಳಬೇಕೆಂದು ಗೊತ್ತು ಮಾಡಿಕೊಳ್ಳಿ. ನಮ್ಮ ಮಗು ಮೂರು ತಿಂಗಳಿಗೆ ಹೆಸರು ಕರೆದರೆ ತಿರುಗಿತು, ವರ್ಷದ ಹೊತ್ತಿಗೆ ‘ಅಜ್ಜಿ ಬಾ’ ಎಂದಿತು. ಮೊದಲು ಸುಮ್ಮನಿರು ಎಂದಿದ್ದ ಅಜ್ಜಿಯೇ ಆ ವರ್ಷವೆಲ್ಲ ಮನೆ ನೋಡಿಕೊಂಡವರು.