ಟಿಕೆಟ್ಟಿನಲ್ಲಿ ಯಾವುದನ್ನು ಕನ್ನಡಕ್ಕೆ ತರಬೇಕು, ಯಾವುದನ್ನು ಬಿಡಬೇಕು?



ಪ್ರಯಾಣಿಕರು ಕಳಿಸುವ ಟಿಕೆಟ್ ಫೋಟೊಗಳನ್ನು ಕನ್ನಡಕ್ಕೆ ತರುವ ಬಗೆಯನ್ನು ಚರ್ಚಿಸಲು ನಾವಿಂದು ಸೇರಿದ್ದೇವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲಿನ ಒಂದು ಮಾದರಿ ಟಿಕೆಟ್ ಇಟ್ಟುಕೊಂಡೇ ನನ್ನ ಮಾತು ಹೇಳುತ್ತೇನೆ.

ಅದರಲ್ಲಿ ದರ್ಜೆಯ ಜಾಗದಲ್ಲಿ SL ಎಂದಿದೆ. ಕೆಳಗೆ, ಪ್ರಯಾಣಿಕರ ಹೆಸರಿನ ಮುಂದೆ CNF/S5/39/SL ಎಂದಿದೆ. ಮೊದಲನೆಯ SL ಸ್ಲೀಪರ್ ದರ್ಜೆ. ಎರಡನೆಯದು ಸೈಡ್ ಲೋವರ್, ಅಂದರೆ ಪಕ್ಕದ ಸಾಲಿನ ಕೆಳಗಿನ ಬರ್ತ್. ಅಕ್ಷರ ಒಂದೇ, ಕೂತ ಜಾಗ ಬೇರೆ. ಆದ್ದರಿಂದ ನಾವು ಮೊದಲು ಓದಬೇಕಾದದ್ದು ಟಿಕೆಟ್ಟಿನ ಅಂಕಣವನ್ನು. ಕನ್ನಡದಲ್ಲಿ ಹೀಗೆ ಬರೆಯಬಹುದು: "ಸೀಟು ಖಚಿತ (CNF). ಬೋಗಿ S5, ಬರ್ತ್ 39, ಸೈಡ್ ಲೋವರ್ (SL)."

S5 ಅನ್ನು "ಎಸ್ ಐದು" ಎಂದು ಬರೆಯಬಾರದು; ಬೋಗಿಯ ಮೇಲೆ ಪ್ರಯಾಣಿಕರು ಹುಡುಕುವುದು ಅದೇ ಗುರುತನ್ನು. ಬೆಂಗಳೂರಿನ ನಿಲ್ದಾಣದ ಹೆಸರು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಎಂದಾದರೂ ಅದರ ಕೋಡ್ SBC ಆಗಿಯೇ ಉಳಿದಿದೆ. ಹೆಸರನ್ನು ಕನ್ನಡದಲ್ಲಿ ಬರೆದು ಕೋಡನ್ನು ಪಕ್ಕದಲ್ಲಿ ಹಾಗೇ ಇಡೋಣ. ಪಿಎನ್ಆರ್‌ನ ಹತ್ತು ಅಂಕಿಗಳನ್ನೂ ಕನ್ನಡ ಅಂಕಿಗೆ ತಿರುಗಿಸುವುದು ಬೇಡ. ಅದನ್ನು 139ಕ್ಕೆ ಕಳಿಸಿ ಸ್ಥಿತಿ ತಿಳಿಯುವವರು ಇದ್ದದ್ದನ್ನು ಇದ್ದಂತೆಯೇ ಒತ್ತಬೇಕು.

ಫೋಟೊ ಮಸುಕಾಗಿದ್ದರೆ 39 ಎಂಬುದು 38 ಅಥವಾ 89 ಆಗಿ ಕಂಡೀತು. ಸ್ಲೀಪರ್ ಬೋಗಿಯಲ್ಲಿ ಸಾಮಾನ್ಯವಾಗಿ 72 ಇಲ್ಲವೇ 80 ಬರ್ತ್‌ಗಳಿರುವುದರಿಂದ 89 ಕಂಡಕೂಡಲೇ ಅನುಮಾನ ಬರಬೇಕು. 38 ಬಂದರೆ ಎಂಟರಿಂದ ಭಾಗಿಸಿ ನೋಡಿ: ಶೇಷ 6, ಅಂದರೆ ಮೇಲಿನ ಬರ್ತ್. ಪಕ್ಕದಲ್ಲಿರುವ SLಗೆ ಅದು ಹೊಂದುವುದಿಲ್ಲ. 39ಕ್ಕೆ ಶೇಷ 7, ಅದು ಸೈಡ್ ಲೋವರ್; ತಾಳೆಯಾಯಿತು. ಈ ಲೆಕ್ಕ ಸ್ಲೀಪರಿಗೂ ತ್ರೀ ಟೈರ್ ಎಸಿಗೂ ಸರಿ, ಟು ಟೈರಿಗೆ ನಡೆಯದು. ಪಿಎನ್ಆರ್‌ಗೆ ಇಂಥ ಸುಲಭದ ತಾಳೆ ಇಲ್ಲ. ಅದರಲ್ಲಿ ಒಂದಂಕಿ ಕಾಣದಿದ್ದರೂ ಊಹಿಸಿ ತುಂಬದೆ ಇನ್ನೊಂದು ಫೋಟೊ ಕೇಳಬೇಕು.

ಹೆಚ್ಚು ತೊಂದರೆ ಕೊಡುವುದು ಸಮಯ. ಟಿಕೆಟ್ಟಿನಲ್ಲಿ 15ನೇ ತಾರೀಕು, 00:10 ಎಂದಿದೆ. "15ರಂದು ರಾತ್ರಿ 12:10" ಎಂದು ಬರೆದರೆ ಪ್ರಯಾಣಿಕರು 15ರ ರಾತ್ರಿ ಊಟ ಮುಗಿಸಿ ನಿಲ್ದಾಣಕ್ಕೆ ಬರುತ್ತಾರೆ. ರೈಲು ಹಿಂದಿನ ರಾತ್ರಿಯೇ ಹೋಗಿರುತ್ತದೆ. "14ರ ರಾತ್ರಿ ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ (ಟಿಕೆಟ್ಟಿನಲ್ಲಿ 15, 00:10)" ಎಂದು ಬರೆದರೆ ಗೊಂದಲವಿಲ್ಲ. ಬಸ್ ಟಿಕೆಟ್ಟಿನಲ್ಲೂ ಬಸ್ಸು ಮೊದಲ ನಿಲ್ದಾಣ ಬಿಡುವ ಹೊತ್ತನ್ನೂ ನಾವು ಹತ್ತುವ ಕಡೆಗೆ ಬರುವ ಹೊತ್ತನ್ನೂ ಬೇರೆ ಬೇರೆ ಸಾಲಿನಲ್ಲಿ ಕೊಡಬೇಕು.

RAC ಬಗ್ಗೆ ಮಾತ್ರ ನನಗೆ ಖಚಿತ ಸೂತ್ರವಿಲ್ಲ. ರೈಲು ಹತ್ತಬಹುದು, ಆದರೆ ಸೈಡ್ ಲೋವರಿನಲ್ಲಿ ಇಬ್ಬರು ಕೂರಬೇಕಾದೀತು ಎಂಬ ವಿವರಣೆಯನ್ನು ಅನುವಾದದೊಳಗೇ ಸೇರಿಸಬೇಕೇ, ಅಡಿಯಲ್ಲಿ ಟಿಪ್ಪಣಿಯಾಗಿ ಕೊಡಬೇಕೇ? ಮೊದಲ ಗೋಷ್ಠಿ ಇದನ್ನು ತೀರ್ಮಾನಿಸಲಿ ಎಂದು ಕೋರುತ್ತೇನೆ.