ಒಂದೇ ಸಾಲಿನ ಉತ್ತರ

ನೇಮಕಾತಿಯವರ ಮೊದಲ ಫೋನ್ ಕರೆಯಲ್ಲಿ 'ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ನಿಮ್ಮ ಉತ್ತರವನ್ನು ಅವರು ಸಾಮಾನ್ಯವಾಗಿ ಒಂದೆರಡು ಸಾಲಿಗೆ ಇಳಿಸಿ ತಂಡದ ಮುಖ್ಯಸ್ಥರಿಗೆ ಕಳಿಸುತ್ತಾರೆ. ಮ್ಯಾನೇಜರ್ ಕೊಟ್ಟ ಕಾಟವನ್ನು ಹತ್ತು ನಿಮಿಷ ಹೇಳಿಕೊಂಡರೆ, ಅದು ನಿಜವೇ ಆಗಿದ್ದರೂ, ಅಲ್ಲಿ ಉಳಿಯುವುದು 'ಮ್ಯಾನೇಜರ್ ಜೊತೆ ಜಗಳ' ಎಂಬುದಷ್ಟೇ. ನನಗಿದು ಅನ್ಯಾಯವೆನಿಸುತ್ತದೆ, ಆದರೆ ನಡೆಯುವುದು ಹೀಗೆಯೇ.

ಬೆಂಗಳೂರಿನಲ್ಲಿ ರಾತ್ರಿಪಾಳಿಯ ಸಪೋರ್ಟ್ ಕೆಲಸದಲ್ಲಿರುವ ಹುಡುಗಿಯೊಬ್ಬಳು ಹೀಗೆನ್ನಬಹುದು: 'ಮೂರು ವರ್ಷ ಗ್ರಾಹಕರ ದೂರು ಬಗೆಹರಿಸಿದೆ, ಜೊತೆಗೆ ಟೆಸ್ಟಿಂಗ್ ಕಲಿತೆ. ಇಲ್ಲಿ ಟೆಸ್ಟಿಂಗ್ ತಂಡವಿಲ್ಲ, ನಿಮ್ಮಲ್ಲಿದೆ.' ಇಷ್ಟು ಹೇಳಿ ಸುಮ್ಮನಾಗಬೇಕು. ಕೆಲಸದಿಂದ ತೆಗೆದಿದ್ದರೆ ಅದನ್ನೂ ನೇರವಾಗಿ ಹೇಳುವುದೇ ಸರಿ. ಮುಂದೆ ರಿಲೀವಿಂಗ್ ಲೆಟರ್ ಕೇಳುತ್ತಾರೆ, ಹಳೆಯ ಕಚೇರಿಯಲ್ಲೂ ವಿಚಾರಿಸುತ್ತಾರೆ.